ಕ್ಯೂಬಿನ ಕರ್ಮಣಿ ಪ್ರಯೋಗ

ಹೈಸ್ಕೂಲಿನಲ್ಲಿ ನಮಗೆ ವ್ಯಾಕರಣ ಹೇಳಿಕೊಟ್ಟ ಕನ್ನಡ ಮೇಷ್ಟ್ರು ಎರಡೇ ಉದಾಹರಣೆಯಲ್ಲಿ ಪಾಠ ಮುಗಿಸುತ್ತಿದ್ದರು. ‘ರಾಮನು ಹಣ್ಣನ್ನು ತಿಂದನು’ ಅಂದರೆ ಕರ್ತರಿ ಪ್ರಯೋಗ. ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಅಂದರೆ ಕರ್ಮಣಿ ಪ್ರಯೋಗ. ಎರಡನೆಯದನ್ನು ಕನ್ನಡದಲ್ಲಿ ಯಾರೂ ಆಡುವುದಿಲ್ಲ, ಪರೀಕ್ಷೆಗೆ ಮಾತ್ರ ಓದಿಕೊಳ್ಳಿ ಎನ್ನುತ್ತಿದ್ದರು. ಪಾಪ, ಮೇಷ್ಟ್ರಿಗೆ ಕಾಮಗಾರಿಯ ಕಡತ ಓದಿ ಅಭ್ಯಾಸವಿರಲಿಲ್ಲ. ಅಲ್ಲಿ ಮೂರನೆಯ ಪ್ರಯೋಗವೊಂದಿದೆ: ‘ಹಣ್ಣು ತಿನ್ನಲ್ಪಟ್ಟಿರುವುದು ಕಂಡುಬಂದಿರುತ್ತದೆ.’ ರಾಮ ಎಲ್ಲಿ ಹೋದ ಅಂತ ಕೇಳಬಾರದು. ಯಾರಿಗೆ ಕಂಡುಬಂತು ಅಂತಲೂ ಕೇಳಬಾರದು.

ಈ ಮೂರನೆಯ ಪ್ರಯೋಗದಲ್ಲಿ ನಾನು ಮೂವತ್ತು ವರ್ಷ ಪಳಗಿದವನು. ಕಟ್ಟಡದ ಗುಣಮಟ್ಟ ನೋಡುವ ಕೆಲಸದಲ್ಲಿದ್ದು, ನಿವೃತ್ತನಾಗಿ, ಆಲ್ದೂರಿನಲ್ಲಿ ಎರಡು ಎಕರೆ ಕಾಫಿ, ನಾಲ್ಕು ಮರಕ್ಕೆ ಹಬ್ಬಿದ ಮೆಣಸು ನೋಡಿಕೊಂಡು ಸುಮ್ಮನಿದ್ದೆ. ನವೆಂಬರಿನ ಒಂದು ಸಂಜೆ ಅಕ್ಕನ ಮಗ ಬಂದ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಒಂದು ಕಚೇರಿಯಲ್ಲಿ ಸೈಟು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಸಿಮೆಂಟು ಮೆತ್ತಿದ ಒಂದು ರಫ್ ಬುಕ್ಕು.

“ಮಾವ, ಇದನ್ನ ತನಿಖಾ ವರದಿ ಮಾಡ್ಕೊಡಿ. ಸೋಮವಾರ ಕೊಡ್ಬೇಕಂತೆ.”

“ಎಂತ ತನಿಖೆ ಮಾರಾಯ?”

“ಕ್ಯೂಬು ಫೇಲಾಗಿದೆ.”

ಓದುಗರಲ್ಲಿ ಎಂಜಿನಿಯರುಗಳಲ್ಲದ ಭಾಗ್ಯವಂತರಿಗೆ ಒಂದು ಮಾತು. ಕಾಂಕ್ರೀಟು ಹಾಕುವಾಗ ಅದೇ ಮಿಕ್ಚರಿನಿಂದ ಒಂದಿಷ್ಟು ತೆಗೆದು 15 ಸೆಂಟಿಮೀಟರಿನ ಕಬ್ಬಿಣದ ಚೌಕ ಅಚ್ಚಿಗೆ ತುಂಬುತ್ತಾರೆ. ಮೂರು ಪದರ, ಪದರಕ್ಕೆ 35 ಸಲ ಕಬ್ಬಿಣದ ಸರಳಿನಿಂದ ಕುಟ್ಟು. ಮರುದಿನ ಅಚ್ಚು ಬಿಚ್ಚಿ ನೀರಿನಲ್ಲಿ ಮುಳುಗಿಸಿಟ್ಟು, 28ನೇ ದಿನ ಯಂತ್ರದ ಬಾಯಿಗೆ ಕೊಟ್ಟು ಒಡೆಯುವವರೆಗೆ ಒತ್ತುತ್ತಾರೆ. ಕಾಫಿ ಬೆಳೆಗಾರರಿಗೆ ಇದನ್ನು ಇಷ್ಟು ವಿವರಿಸಬೇಕಾಗಿಲ್ಲ. ವ್ಯಾಪಾರಿ ಮೂಟೆಯಿಂದ ಒಂದು ಹಿಡಿ ಚೆರಿ ತೆಗೆದು, ಕುಟ್ಟಿ, ತೂಗಿ ಔಟ್‌ಟರ್ನ್ ಹೇಳುತ್ತಾನಲ್ಲ, ಹಾಗೆ. ಒಂದು ಹಿಡಿ ಇಡೀ ಲೋಡಿನ ಹಣೆಬರಹ ಹೇಳುತ್ತದೆ. ವ್ಯತ್ಯಾಸ ಇಷ್ಟೇ: ಔಟ್‌ಟರ್ನ್ ಕಡಿಮೆ ಬಂದರೆ ದುಡ್ಡು ಹಿಡಿಯುತ್ತಾರೆ, ಕ್ಯೂಬು ಕಡಿಮೆ ಬಂದರೆ ವರದಿ ಬರೆಯುತ್ತಾರೆ.

ರಫ್ ಬುಕ್ಕು ಬಿಚ್ಚಿದೆ. ಹುಡುಗನ ಅಕ್ಷರ ಕಾಗೆಕಾಲು. ಆದರೆ ಬರೆದದ್ದು ಹೀಗಿತ್ತು:

‘ಅ. 9. ಹಳ್ಳದ ಮೋರಿ ಸ್ಲಾಬು, ಎಂ25, 9 ಘನ ಮೀ. ರಾತ್ರಿ ಇಡೀ ಮಳೆ. ಟಾರ್ಪಾಲು ಸಿಮೆಂಟಿಗೆ ಮಾತ್ರ, ಎಂ ಸ್ಯಾಂಡು ನೆಂದು ತೊಪ್ಪೆ. ನೀರು ಮಾಮೂಲಿ ಲೆಕ್ಕಾನೇ ಹಾಕ್ತಿದಾರೆ, ಮೂಟೆಗೆ 25 ಲೀ. 11 ಗಂಟೆ: ವೈಬ್ರೇಟರ್ ಕೆಟ್ಟಿತು. ಮೇಸ್ತ್ರಿ, “ಇನ್ನು ತೆಳ್ಳಗೆ ಮಾಡಿದ್ರೇನೇ ಕಂಬಿ ಸಂದಿಗೆ ಇಳಿಯೋದು” ಅಂತ ಮೂಟೆಗೆ ಅರ್ಧ ಕೊಡ ಜಾಸ್ತಿ. ಬೇಡ ಅಂದೆ. “ನೀವು ಬರ್ಕೊಳಿ ಸಾರ್” ಅಂದ. ಬರ್ಕೊಂಡೆ. ಸ್ಲಂಪ್ 190, ಕೋನ್ ಎತ್ತಿದ ತಕ್ಷಣ ಮಲಗ್ತು. ಕ್ಯೂಬು 6.

ಅ. 10. ಅಚ್ಚು ಬಿಚ್ಚಿ ಕ್ಯೂಬು ಡ್ರಮ್ಮಿಗೆ ಹಾಕಿದೆ.

ಅ. 13. ಸ್ಲಾಬ್ ಮೇಲೆ ಗೋಣಿ ಇಲ್ಲ, ನೀರಿಲ್ಲ. ಮಳೆ ಬಿಟ್ಟು 2 ದಿನ. ಕ್ಯೂರಿಂಗ್ ಹುಡುಗ ಊರಿಗೆ ಹೋಗಿದಾನೆ.

ಅ. 16. 7 ದಿನದ್ದು 3 ಕ್ಯೂಬು ಲ್ಯಾಬಲ್ಲಿ: 11.6. ಸಾಹೇಬ್ರಿಗೆ ಫೋನ್. “28ಕ್ಕೆ ಏರುತ್ತೆ ಬಿಡೋ.”

ನ. 6. 412, 405, 378. ಸರಾಸರಿ 17.7. ತೂಕ 7.96, 7.94, 7.91. ನಾಕೂ ಕಡೆ ಸಮ ಒಡೆದಿದೆ. ಸಾಹೇಬ್ರಿಗೆ ಫೋನ್. ಎತ್ತಲಿಲ್ಲ.’

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ತನಿಖಾ ವರದಿಯನ್ನು ನಾನು ಓದಿರಲಿಲ್ಲ, ಬರೆದಂತೂ ಇರಲಿಲ್ಲ. ಯಾರು, ಎಷ್ಟು ಗಂಟೆಗೆ, ಎಷ್ಟು ನೀರು, ಯಾಕೆ ಹಾಕಿದರು ಎಲ್ಲ ಇದೆ. ಇದನ್ನು ‘ವರದಿ ಮಾಡುವುದು’ ಅಂದರೆ ಹಲ್ಲಿರುವ ಹಾವಿಗೆ ಹಲ್ಲು ಕಿತ್ತು ಬುಟ್ಟಿಗೆ ಹಾಕುವುದು.

“ಸಾಹೇಬ್ರು ಮಾದರಿ ಕೊಟ್ಟಿದಾರೆ,” ಅಂತ ಹುಡುಗ ಇನ್ನೊಂದು ಕಾಗದ ತೆಗೆದ. ಯಾವುದೋ ಊರಿನ ಯಾವುದೋ ನೀರಿನ ಟ್ಯಾಂಕಿನ ಹಳೆಯ ವರದಿ. ಹೆಸರು ಬದಲಾಯಿಸಿಕೊಂಡರೆ ಸಾಕು ಅಂದಿದ್ದರಂತೆ. ಜೊತೆಗೆ ಸಾಹೇಬರೇ ಪೆನ್ಸಿಲಿನಲ್ಲಿ ಕೆಲವು ವಾಕ್ಯ ಬರೆದುಕೊಟ್ಟಿದ್ದರು. ಅವರ ಪ್ರತಿಭೆಗೆ ಕೈಮುಗಿಯಬೇಕು. ‘ಮೇಸ್ತ್ರಿ ಅರ್ಧ ಕೊಡ ಜಾಸ್ತಿ ಹಾಕಿದ’ ಎಂಬುದು ‘ಕಾಂಕ್ರೀಟಿನ ಕಾರ್ಯಸಾಧ್ಯತೆಯನ್ನು ಉತ್ತಮಪಡಿಸುವ ದೃಷ್ಟಿಯಿಂದ ಜಲಾಂಶದಲ್ಲಿ ಅಲ್ಪ ಹೊಂದಾಣಿಕೆ ಮಾಡಿಕೊಳ್ಳಲಾಗಿರುತ್ತದೆ’ ಎಂದಾಗಿತ್ತು. ‘ವೈಬ್ರೇಟರ್ ಕೆಟ್ಟಿತು’ ಎಂಬುದು ‘ಸಾಂದ್ರೀಕರಣವನ್ನು ಸಾಂಪ್ರದಾಯಿಕ ವಿಧಾನದಿಂದ ಕೈಗೊಳ್ಳಲಾಗಿರುತ್ತದೆ’ ಎಂದಾಗಿತ್ತು. ಕೋಲಿನಿಂದ ತಿವಿದರು ಎಂಬುದಕ್ಕೆ ಪರಂಪರೆಯ ಗೌರವ! ‘ಫೋನ್ ಎತ್ತಲಿಲ್ಲ’ ಎಂಬುದು ‘ಮೇಲಧಿಕಾರಿಗಳೊಂದಿಗೆ ನಿರಂತರ ಸಂಪರ್ಕದಲ್ಲಿರಲಾಗಿದೆ’ ಎಂದಾಗಿತ್ತು. ಇನ್ನು 17.7? ‘ಅಪೇಕ್ಷಿತ ಮೌಲ್ಯಕ್ಕಿಂತ ಕೊಂಚ ಕಡಿಮೆ.’ ಇಪ್ಪತ್ತೈದಕ್ಕೆ ಹದಿನೇಳೂ ಮುಕ್ಕಾಲು ಅಂದರೆ ನೂರಕ್ಕೆ ಎಪ್ಪತ್ತೊಂದು. ಎಸ್ಸೆಸ್ಸೆಲ್ಸಿಯಾಗಿದ್ದರೆ ಫಸ್ಟ್ ಕ್ಲಾಸ್, ಫ್ಲೆಕ್ಸ್ ಹಾಕಿಸಬಹುದಿತ್ತು.

ಹಾಗಾದರೆ ರಫ್ ಬುಕ್ಕಿನ ಅಂಕಿಗಳು ಏನು ಹೇಳುತ್ತವೆ, ಅದನ್ನು ಮೊದಲು ನೋಡೋಣ ಅಂತ ಹುಡುಗನನ್ನು ಕೂರಿಸಿಕೊಂಡೆ.

412 ಅಂದರೆ ಕ್ಯೂಬು ಒಡೆದಾಗ ಯಂತ್ರ ತೋರಿಸಿದ ಭಾರ, ಕಿಲೊನ್ಯೂಟನ್‌ನಲ್ಲಿ. ಕ್ಯೂಬಿನ ಮುಖ 150 ಗುಣಿಸು 150, ಅಂದರೆ 22,500 ಚದರ ಮಿಲಿಮೀಟರು. ಭಾಗಿಸಿದರೆ ಚದರ ಮಿಲಿಮೀಟರಿಗೆ 18.3 ನ್ಯೂಟನ್. ಉಳಿದೆರಡು 18 ಮತ್ತು 16.8. ಮೂರೂ ಸರಾಸರಿಯ ಶೇ 15ರ ಒಳಗೇ ಇವೆ, ಹಾಗಾಗಿ ಈ ಸ್ಯಾಂಪಲ್ಲನ್ನು ಅಸಿಂಧು ಎನ್ನುವ ಹಾಗಿಲ್ಲ. ಒಂದು ಕ್ಯೂಬು 18, ಇನ್ನೊಂದು 11 ಬಂದಿದ್ದರೆ ‘ಕ್ಯೂಬು ಮಾಡಿದವನೇ ಸರಿಯಿಲ್ಲ’ ಎನ್ನಬಹುದಿತ್ತು. ಎಂ25ಕ್ಕೆ ಒಂದೊಂದು ಸ್ಯಾಂಪಲ್ಲಿನ ಸರಾಸರಿ 22ರ ಕೆಳಗೆ ಇಳಿಯಬಾರದು ಎಂಬುದು ಐ.ಎಸ್. 456ರ ಗೆರೆ. ನಾಲ್ಕು ಸ್ಯಾಂಪಲ್ಲಿನ ಗುಂಪಿನ ಸರಾಸರಿಯಂತೂ 25ಕ್ಕಿಂತ ಮೇಲೇ ಇರಬೇಕು. 17.7 ಗೆರೆಯನ್ನು ಮುಟ್ಟಿದ್ದೂ ಇಲ್ಲ, ನೋಡಿದ್ದೂ ಇಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಬೈಯುವುದು ಲ್ಯಾಬನ್ನು. ಯಂತ್ರ ಸರಿಯಿಲ್ಲ, ಕ್ಯೂಬನ್ನು ವಾರೆ ಇಟ್ಟರು, ಹೀಗೆ. ಅದಕ್ಕೂ ಹುಡುಗನ ಒಂದು ಸಾಲಿನಲ್ಲಿ ಉತ್ತರವಿದೆ: ‘ನಾಕೂ ಕಡೆ ಸಮ ಒಡೆದಿದೆ.’ ಸರಿಯಾಗಿ ಒತ್ತಿದ ಕ್ಯೂಬಿನ ನಾಲ್ಕು ಪಕ್ಕೆಗಳು ಉದುರಿ, ನಡುವೆ ಡಮರುವಿನ ಹಾಗೆ ಸೊಂಟ ಸಣ್ಣಗಾದ ತುಂಡು ಉಳಿಯುತ್ತದೆ. ವಾರೆ ಇಟ್ಟಿದ್ದರೆ ಒಂದೇ ಕಡೆ ಸೀಳುತ್ತದೆ. ಮೇಲಾಗಿ ಏಳನೇ ದಿನದ 11.6 ಇದೆಯಲ್ಲ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟು ಏಳು ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಪಡೆಯುತ್ತದೆ. 11.6ರ ಒಂದೂವರೆ ಪಟ್ಟು 17.4. ಬಂದದ್ದು 17.7. ಮೂರು ವಾರದ ಅಂತರದಲ್ಲಿ ಯಂತ್ರ ಎರಡು ಸಲ ಒಂದೇ ಸುಳ್ಳು ಹೇಳಲು ಅದೇನು ರಾಜಕಾರಣಿಯೇ? ‘28ಕ್ಕೆ ಏರುತ್ತೆ’ ಎಂದ ಸಾಹೇಬರ ಮಾತೂ ಸುಳ್ಳಲ್ಲ. ಏರಿತು. ಎಷ್ಟಕ್ಕೆ ಏರುತ್ತದೆ ಎಂದು ಅಕ್ಟೋಬರ್ 16ರಂದೇ ಬೆರಳೆಣಿಕೆಯಲ್ಲಿ ಹೇಳಬಹುದಿತ್ತು, ಅಷ್ಟೇ.

ಮುಂದೆ ತೂಕ. ಕ್ಯೂಬು ಏಳೂಮುಕ್ಕಾಲು ಕಿಲೊ ದಾಟಲು ತಿಣುಕಾಡಿದ್ದರೆ ಒಳಗೆ ಪೊಳ್ಳಿದೆ, ಸರಿಯಾಗಿ ಕುಟ್ಟಿಲ್ಲ ಎಂದರ್ಥ. ಗಟ್ಟಿ ಕ್ಯೂಬು ಎಂಟು ಕಿಲೊದ ಆಸುಪಾಸು ತೂಗಬೇಕು. ಇವನ ಮೂರೂ ಅದಕ್ಕೆ ಹತ್ತಿರ ಇವೆ. ಅಂದರೆ ಕ್ಯೂಬಿನಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದೆ, ಯಂತ್ರದ ತಪ್ಪಿಲ್ಲದೆ, ಮೂರೂ ಒಟ್ಟಿಗೆ ಸೋತಿವೆ ಅಂದ ಮೇಲೆ ಉಳಿಯುವುದು ನೀರು.

ಇಲ್ಲಿ ಸಾಹೇಬರ ಪೆನ್ಸಿಲು ಬಹಳ ಉತ್ಸಾಹದಿಂದ ಓಡಿತ್ತು: ‘ಅಕಾಲಿಕ ಮಳೆಯಿಂದಾಗಿ.’ ಆಲ್ದೂರಿನಲ್ಲಿ ಅಕ್ಟೋಬರಿನ ಎರಡನೆಯ ವಾರದ ಮಳೆ ಅಕಾಲಿಕವಂತೆ! ಜೂನಿನಲ್ಲಿ ಛತ್ರಿ ಬಿಚ್ಚಿದವರು ದೀಪಾವಳಿಗೂ ಮಡಚದ ಊರು ಇದು. ಮಲೆನಾಡಿನಲ್ಲಿ ಮಳೆ ಅಕಾಲಿಕವಾಗುವುದು ಎರಡೇ ಸಲ, ಬಿಲ್ಲು ತಡವಾದಾಗ ಮತ್ತು ಕ್ಯೂಬು ಸೋತಾಗ.

ಮಳೆಯ ಪಾಲು ಇಲ್ಲ ಅಂತಲ್ಲ. ಆದರೆ ಅದು ಬಂದದ್ದು ಆಕಾಶದಿಂದಲ್ಲ, ಮರಳಿನ ರಾಶಿಯ ಮೂಲಕ. ಲೆಕ್ಕ ನೋಡಿ. ಒಂದು ಮೂಟೆ ಸಿಮೆಂಟು 50 ಕಿಲೊ, ಅದಕ್ಕೆ 25 ಲೀಟರು ನೀರು. ಸಿಮೆಂಟಿನ ಅರ್ಧದಷ್ಟು, ಅಂದರೆ 0.50. ಒಂದು ಮೂಟೆಯ ಜೊತೆ ಹೋಗುವ ಮರಳು ಸುಮಾರು ನೂರು ಕಿಲೊ. ರಾತ್ರಿಯಿಡೀ ನೆಂದ ಮರಳಿನ ಕಾಳುಗಳ ಮೇಲೆ ಶೇ 5ರಷ್ಟು ನೀರು ಅಂಟಿಕೊಂಡಿರುವುದು ದೊಡ್ಡ ಮಾತಲ್ಲ. ಅಲ್ಲಿಗೆ ಐದು ಲೀಟರು ಯಾರ ಲೆಕ್ಕಕ್ಕೂ ಸಿಗದೆ ಮಿಕ್ಚರಿನೊಳಗೆ ಹೋಯಿತು. ಇಷ್ಟನ್ನು ಕೊಡದಿಂದ ಕಳೆಯಬೇಕಿತ್ತು, ಕಳೆಯಲಿಲ್ಲ. ಮೇಲೆ ಮೇಸ್ತ್ರಿಯ ಅರ್ಧ ಕೊಡ, ಆರು ಲೀಟರು ಅನ್ನಿ. ಒಟ್ಟು 36. ಅರ್ಧ ಇರಬೇಕಾದದ್ದು 0.72 ಆಯಿತು.

ಸಿಮೆಂಟಿಗೆ ಗಟ್ಟಿಯಾಗಲು ಅಷ್ಟು ನೀರು ಬೇಡ. ಹೆಚ್ಚಿನದು ಕಾಂಕ್ರೀಟಿನೊಳಗೆ ಜಾಗ ಹಿಡಿದು ಕೂತು, ಆಮೇಲೆ ಆವಿಯಾಗಿ ಹೋಗುತ್ತದೆ, ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತು ಉಳಿಯುತ್ತದೆ. ಸಾರಿಗೆ ನೀರು ಬೆರೆಸಿದರೆ ಬರುವ ನೆಂಟರೆಲ್ಲರಿಗೂ ಸಾಲುತ್ತದೆ, ರುಚಿ ಮಾತ್ರ ಸಾಲುವುದಿಲ್ಲ. ಎಂ25 ಕಾಂಕ್ರೀಟನ್ನು 31, 32ರ ಗುರಿಯಿಟ್ಟು ಮಾಡುತ್ತಾರೆ, ಏರುಪೇರಾದರೂ 25ರ ಕೆಳಗೆ ಬಾರದಿರಲಿ ಎಂದು. 0.50ರಿಂದ 0.72ಕ್ಕೆ ಹೋದರೆ ಅದು 20ರ ಆಸುಪಾಸಿಗೆ ಕುಸಿಯುವುದು ಸಹಜ. ಉಳಿದ ಎರಡು ನ್ಯೂಟನ್ ಎಲ್ಲಿ ಹೋಯಿತು? ನನಗೆ ಲೆಕ್ಕ ಸಿಗಲಿಲ್ಲ. ಅರ್ಧ ಕೊಡ ಎಂಬುದು ಮುಕ್ಕಾಲು ಕೊಡ ಆಗಿರಬಹುದು, ಮರಳು ಇನ್ನೂ ಹೆಚ್ಚು ನೆಂದಿರಬಹುದು. ‘ಇಷ್ಟಕ್ಕೆ ಕಾರಣ ಗೊತ್ತಿದೆ, ಇಷ್ಟಕ್ಕೆ ಗೊತ್ತಿಲ್ಲ’ ಎಂಬ ವಾಕ್ಯವನ್ನು ವರದಿಯಲ್ಲಿ ಬರೆಯಬೇಕು ಎಂದೆ. ಹುಡುಗ ಹೆದರಿ ನೋಡಿದ. ಗೊತ್ತಿಲ್ಲ ಎಂಬ ಪದವೇ ಮಾದರಿ ವರದಿಯಲ್ಲಿರಲಿಲ್ಲ. ಅದರಲ್ಲಿ ಎಲ್ಲವೂ ಎಲ್ಲರಿಗೂ ಗೊತ್ತಿತ್ತು, ಮಾಡಿದವನು ಯಾರು ಎಂಬುದೊಂದನ್ನು ಬಿಟ್ಟು.

ನಮ್ಮ ಕಡೆಯವರ ತಮಾಷೆ ನೋಡಿ. ಕಾಫಿ ಮಾರುವಾಗ ತೇವದ ಮೀಟರಿಟ್ಟು ನೋಡುತ್ತಾರೆ. ಪಾರ್ಚ್‌ಮೆಂಟು ಶೇ 10ಕ್ಕೆ ಒಣಗಬೇಕು, ಒಂದು ಹೆಚ್ಚಾದರೆ ವ್ಯಾಪಾರಿ ಮುಖ ಸಿಂಡರಿಸುತ್ತಾನೆ. ಒಂದು ಕಾಳನ್ನು ಹಲ್ಲಲ್ಲಿ ಕಚ್ಚಿ ತೇವ ಹೇಳುವ ಅಜ್ಜಂದಿರು ಆಲ್ದೂರಿನ ಪ್ರತಿ ಅಂಗಡಿಯ ಬೆಂಚಿನ ಮೇಲೂ ಸಿಗುತ್ತಾರೆ. ಅದೇ ಊರಿನ ಮೋರಿಗೆ ಹಾಕುವ ಮರಳಿನಲ್ಲಿ ಎಷ್ಟು ನೀರಿದೆ ಎಂದು ನೋಡುವವರು ಒಬ್ಬರಿಲ್ಲ. ನೋಡಲು ಬೇಕಾದದ್ದು ಒಂದು ತಕ್ಕಡಿ, ಒಂದು ಬಾಣಲೆ, ಒಂದು ಸ್ಟೌ. ಒಂದು ಕಿಲೊ ಮರಳು ಹುರಿ, ತೂಗು, ಕಡಿಮೆಯಾದದ್ದು ನೀರು.

‘ಕ್ಯೂರಿಂಗ್’ ಎಂಬ ಪದವೂ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಮ್ಮ ಜೀವ ತಿನ್ನುತ್ತದೆ. ಇಲ್ಲಿ ಹುಟ್ಟಿದ ಯಾರಿಗೇ ಆಗಲಿ ಕ್ಯೂರಿಂಗ್ ಅಂದರೆ ಕಾಫಿಯ ಕ್ಯೂರಿಂಗ್ ವರ್ಕ್ಸ್. ಒಣಗಿಸು, ಸಿಪ್ಪೆ ತೆಗೆ, ವಿಂಗಡಿಸು. ಕಾಂಕ್ರೀಟಿನ ಕ್ಯೂರಿಂಗ್ ಅಂದರೆ ಅದರ ತದ್ವಿರುದ್ಧ, ಒಣಗಲು ಬಿಡದೆ ಏಳೆಂಟು ದಿನವಾದರೂ ನೆನೆಸಿಡುವುದು. ಗುತ್ತಿಗೆದಾರರು ನಿಷ್ಠೆಯಿಂದ ಜಿಲ್ಲೆಯ ಸಂಪ್ರದಾಯ ಪಾಲಿಸಿದ್ದರು. ಅ. 13ರ ಟಿಪ್ಪಣಿ ಅದನ್ನೇ ಹೇಳುತ್ತದೆ: ಸ್ಲಾಬು ಕಣದಲ್ಲಿ ಹರವಿದ ಕಾಫಿಯಂತೆ ಬಿಸಿಲಿಗೆ ಒಣಗುತ್ತಿತ್ತು.

ಈ ಒಂದು ಸಾಲಿಗೆ ಎಷ್ಟು ಬೆಲೆಯಿದೆ ಎಂಬುದು ಹುಡುಗನಿಗೇ ಹೊಳೆದಿರಲಿಲ್ಲ. ಡ್ರಮ್ಮಿನಲ್ಲಿದ್ದ ಕ್ಯೂಬು ಮನೆಯ ಮುದ್ದಿನ ಮಗು. ಅದಕ್ಕೆ ಅಚ್ಚು, ಕುಟ್ಟಾಣಿ, ದಿನವಿಡೀ ಸ್ನಾನ. ಮೋರಿಯ ಸ್ಲಾಬು ಬೀದಿಯ ಕೂಸು. ಅದಕ್ಕೆ ವೈಬ್ರೇಟರೂ ಇಲ್ಲ, ನೀರೂ ಇಲ್ಲ. ಮುದ್ದಿನ ಮಗುವೇ 17.7 ಅಂಕ ತೆಗೆದರೆ ಬೀದಿಯ ಕೂಸಿನ ಗತಿ ಏನು? ಕ್ಯೂಬು ಹೇಳುವುದು ಮಿಕ್ಚರಿನಿಂದ ಬಂದ ಕಾಂಕ್ರೀಟಿನ ಯೋಗ್ಯತೆಯನ್ನು. ಅದನ್ನು ಎರಕ ಹೊಯ್ದ ಕೈಗಳ ಯೋಗ್ಯತೆಯನ್ನು ಕ್ಯೂಬು ಹೇಳುವುದಿಲ್ಲ. 2018ರ ಡಿಸೆಂಬರಿನಲ್ಲಿ ಬೆಂಗಳೂರಿನ ಟ್ರಿನಿಟಿ ಮೆಟ್ರೊ ನಿಲ್ದಾಣದ ಹತ್ತಿರ 155ನೇ ಕಂಬದ ಮೇಲಿನ ತೊಲೆಯಲ್ಲಿ ಜೇನುಗೂಡಿನಂಥ ಪೊಳ್ಳು ಕಾಣಿಸಿಕೊಂಡು, ರೈಲು ನಿಲ್ಲಿಸಿ ದುರಸ್ತಿ ಮಾಡಬೇಕಾಯಿತು. ಜೇನುಗೂಡು ಕಟ್ಟುವುದು ತೊಲೆಯಲ್ಲಿ, ಕ್ಯೂಬಿನಲ್ಲಲ್ಲ.

ಸಾಹೇಬರ ಕರಡು ಇದೇ ಸತ್ಯವನ್ನು ತಲೆಕೆಳಗು ಮಾಡಿ ಬಳಸಿಕೊಂಡಿತ್ತು. ‘ಕ್ಯೂಬು ಸೋತಿದ್ದರೂ ಸ್ಲಾಬು ಸುಸ್ಥಿತಿಯಲ್ಲಿದೆ.’ ಪುರಾವೆ? ‘ರೀಬೌಂಡ್ ಹ್ಯಾಮರ್ ಪರೀಕ್ಷೆಯಲ್ಲಿ ಸರಾಸರಿ 27.’ ಇದೊಂದು ಸ್ಪ್ರಿಂಗಿನ ಸುತ್ತಿಗೆ. ಮೇಲ್ಮೈಗೆ ಒತ್ತಿದರೆ ಎಷ್ಟು ಪುಟಿಯಿತು ಎಂದು ತೋರಿಸುತ್ತದೆ. ಚರ್ಮ ಮುಟ್ಟಿ ಜ್ವರ ಹೇಳಿದ ಹಾಗೆ. ಒಣಗಿದ ಮೇಲ್ಮೈಯಲ್ಲಿ ಹೆಚ್ಚು ತೋರಿಸುತ್ತದೆ, ಅಡಿಗೆ ದೊಡ್ಡ ಜಲ್ಲಿ ಸಿಕ್ಕರೆ ಇನ್ನೂ ಹೆಚ್ಚು. ಅಂದಾಜು ಶೇ 25ರಷ್ಟು ಆಚೀಚೆ ಆಗಬಹುದು ಎಂದು ಭಾರತೀಯ ಮಾನಕವೇ ಒಪ್ಪಿಕೊಂಡಿದೆ. ಅಂದರೆ 27 ಎಂಬುದು 20 ಇದ್ದರೂ ನಿಜ, 34 ಇದ್ದರೂ ನಿಜ. ಇಷ್ಟು ಉದಾರವಾದ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗಲಾರ.

ನಿಜ ತಿಳಿಯಬೇಕಾದರೆ ಕೋರ್ ತೆಗೆಯಬೇಕು. ಒಳಗಿನ ಕಂಬಿ ಕಡಿಯದ ಜಾಗ ಗುರುತಿಸಿ, ಮೆಷಿನ್ನಿನಿಂದ ಸ್ಲಾಬಿನಲ್ಲೇ ಉರುಟು ತುಂಡು ಕೊರೆದು, ಅದನ್ನೇ ಒತ್ತಿ ನೋಡುವುದು. ಮೂರಕ್ಕಿಂತ ಕಡಿಮೆ ತೆಗೆಯುವ ಹಾಗಿಲ್ಲ. ಕೋರ್‌ಗಳ ಸರಾಸರಿ ಎಂ25ರ ಶೇ 85, ಅಂದರೆ 21.25 ಮುಟ್ಟಬೇಕು. ಯಾವ ಒಂದೂ ಶೇ 75ಕ್ಕಿಂತ, ಅಂದರೆ 18.75ಕ್ಕಿಂತ ಕೆಳಗೆ ಇಳಿಯಬಾರದು. ಇದು ಕೂಡ ಐ.ಎಸ್. 456ರಲ್ಲೇ ಇದೆ. ಇಷ್ಟು ರಿಯಾಯಿತಿ ಕೊಟ್ಟ ಮೇಲೂ ಸ್ಲಾಬು ಸೋತರೆ ಭಾರ ಹೇರಿ ನೋಡುವುದೋ, ಬಲಪಡಿಸುವುದೋ, ಒಡೆಯುವುದೋ ಎಂಬ ಮಾತು. ಕೋರ್ ವಿಷಯ ಹುಡುಗ ಕಚೇರಿಯಲ್ಲಿ ಎತ್ತಿದ್ದನಂತೆ. “ಹೊಸ ಸ್ಲಾಬಿಗೆ ತೂತು ಕೊರೆದ್ರೆ ಊರವರು ಏನಂತಾರೆ?” ಎಂದರಂತೆ. ಸರಿ, ಒಪ್ಪೋಣ. ಊರಿನವರು ಸ್ಲಾಬಿನ ತೂತು ನೋಡುತ್ತಾರೆ. ವರದಿಯ ತೂತು ನೋಡಲು ಊರಿನವರಿಗೆ ವರದಿ ಸಿಗುವುದಿಲ್ಲ.

ಹೀಗೆಂದು ನಮ್ಮವರನ್ನೇ ಬೈಯಬಾರದು. ಹಾಂಗ್‌ಕಾಂಗ್‌ನಿಂದ ಚೀನಾದ ಜುಹಾಯ್ ಮತ್ತು ಮಕಾವುಗೆ ಸಮುದ್ರದ ಮೇಲೆ ಸೇತುವೆ ಕಟ್ಟಿದರಲ್ಲ, ಅದರ ಕ್ಯೂಬು ಪರೀಕ್ಷೆಯ ವರದಿಗಳು ನಕಲಿ ಎಂದು 2017ರ ಮೇ ತಿಂಗಳಲ್ಲಿ ಅಲ್ಲಿನ ಭ್ರಷ್ಟಾಚಾರ ನಿಗ್ರಹ ಆಯೋಗ 21 ಜನರನ್ನು ಹಿಡಿಯಿತು. ಪರೀಕ್ಷೆಯ ದಿನ, ಸಮಯ ತಿದ್ದಿದ್ದರು ಎಂಬುದು ಆರೋಪ. ಅಷ್ಟಲ್ಲದೆ ಕೆಲವು ಕಡೆ ಕಾಂಕ್ರೀಟು ಕ್ಯೂಬಿನ ಜಾಗದಲ್ಲಿ ಯಂತ್ರ ಸರಿನೋಡುವ ಲೋಹದ ತುಂಡನ್ನೇ ಇಟ್ಟು ಒತ್ತಿದ್ದರಂತೆ. ನಮ್ಮ ಸಾಹೇಬರು ಅಷ್ಟು ಕೆಳಗಿಳಿಯಲಿಲ್ಲ. ಅವರು ಅಂಕಿ ಮುಟ್ಟಲಿಲ್ಲ, ಕ್ರಿಯಾಪದವನ್ನು ಮಾತ್ರ ಮುಟ್ಟಿದರು. ಲೋಹ ಇಟ್ಟು ಸಿಕ್ಕಿಬಿದ್ದವರುಂಟು, ‘ಲಾಗಿರುತ್ತದೆ’ ಇಟ್ಟು ಸಿಕ್ಕಿಬಿದ್ದವರನ್ನು ನಾನು ಕಂಡಿಲ್ಲ.

ರಾತ್ರಿ ಊಟವಾದ ಮೇಲೆ ವರದಿ ಬರೆಯಲು ಕೂತೆವು. ನಾನು ಹೇಳುವುದು, ಅವನು ಟೈಪು ಮಾಡುವುದು. ಮೊದಲು ಏನು ಪರೀಕ್ಷೆ, ಯಾವ ದಿನ, ಯಾವ ಜಾಗದ ಕಾಂಕ್ರೀಟು, ಅಂಕಿ ಎಷ್ಟು, ಗೆರೆ ಎಷ್ಟು. ಆಮೇಲೆ ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹಿಸಿದ್ದು ಬೇರೆ. ‘ಸ್ಲಂಪ್ 190’ ಅಳೆದದ್ದು, ಹಾಗೇ ಬರೆ. ‘ಮರಳಿನಲ್ಲಿ ಶೇ 5 ನೀರು’ ನಾನು ಈಗ ಹಾಕಿದ ಅಂದಾಜು, ಅಂದಾಜು ಅಂತಲೇ ಬರೆ. ‘ಮೇಸ್ತ್ರಿ ಆರು ಲೀಟರು ಹಾಕಿದ’ ಎನ್ನಬೇಡ, ‘ಅರ್ಧ ಕೊಡ ಹಾಕಿದ್ದನ್ನು ನೋಡಿದೆ, ಕೊಡ ಅಳೆಯಲಿಲ್ಲ’ ಎನ್ನು. ಗುತ್ತಿಗೆದಾರರ ಕಡೆಯವರು ನಾಳೆ ಆ ಆರನ್ನು ಹಿಡಿದು ಇಡೀ ವರದಿಯನ್ನು ಎಳೆದು ಹಾಕುತ್ತಾರೆ. ಮೇಸ್ತ್ರಿಯ ಮಾತನ್ನೂ ಹಾಕು. ವೈಬ್ರೇಟರ್ ಕೆಟ್ಟಾಗ ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿರಲಿಲ್ಲ, ಇನ್ನೊಂದು ವೈಬ್ರೇಟರ್ ಕೊಡಬೇಕಾದವರು ಕೊಟ್ಟಿರಲಿಲ್ಲ. ಅರ್ಧ ಕೊಡ ಸುರಿದ ಕೈ ಅವನದು, ಸುರಿಯುವಂತೆ ಮಾಡಿದವರು ಬೇರೆ.

ಹುಡುಗನಿಗೆ ಹುಮ್ಮಸ್ಸು ಬಂತು. ‘ಹಾಕಿದರು’, ‘ಹೇಳಿದರು’, ‘ಕೊಡಲಿಲ್ಲ’ ಎಂದು ಕರ್ತರಿ ಪ್ರಯೋಗದಲ್ಲಿ ಪಟಪಟ ಟೈಪು ಮಾಡಿದ. ಮೇಷ್ಟ್ರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಆಗ ನಾನು ಕೇಳಿದೆ:

“ಸ್ಲಾಬು 9 ಘನ ಮೀಟರು ಅಂದ್ಯಲ್ಲ. ಆರರಿಂದ ಹದಿನೈದರವರೆಗೆ ಎಷ್ಟು ಸ್ಯಾಂಪಲ್?”

“ಎರಡು.”

“ನೀನು 28 ದಿನಕ್ಕೆ ಒಡೆದದ್ದು?”

“ಮೂರು ಕ್ಯೂಬು, ಒಂದು ಸ್ಯಾಂಪಲ್.” ಟೈಪಿಂಗ್ ನಿಂತಿತು. “ಅಚ್ಚು ಆರೇ ಇತ್ತು ಮಾವ.”

“ಬರಿ. ‘ನಾನು ಎರಡು ಸ್ಯಾಂಪಲ್ ತೆಗೆಯಬೇಕಿತ್ತು, ಒಂದೇ ತೆಗೆದೆ.’”

ಅವನು ತಲೆ ಕೆರೆದುಕೊಂಡ. ಸ್ವಲ್ಪ ಹೊತ್ತು ಬಿಟ್ಟು, ಬಹಳ ಮೆತ್ತಗೆ, “ಮಾವ, ಅದೊಂದನ್ನ ‘ಲಭ್ಯ ಅಚ್ಚುಗಳಿಗೆ ಅನುಗುಣವಾಗಿ ಒಂದು ಸ್ಯಾಂಪಲ್ ಸಂಗ್ರಹಿಸಲಾಗಿರುತ್ತದೆ’ ಅಂತ ಬರೆದ್ರೆ ಆಗಲ್ವಾ?” ಅಂದ.

ಎಂಟೇ ತಿಂಗಳು! ನನಗೆ ಇದು ಬರಲು ಮೂರು ವರ್ಷ ಹಿಡಿದಿತ್ತು. ಈಗಿನ ಮಕ್ಕಳು ಚುರುಕು.

ಕೊನೆಗೆ ‘ತೆಗೆದೆ’ ಎಂದೇ ಬರೆದ, ನಾನು ಎದುರಿಗೆ ಕೂತಿದ್ದರಿಂದ. ಮೂರು ಪುಟದ ವರದಿ. ಕೊನೆಯಲ್ಲಿ ಎರಡೇ ಸಾಲು: ಮೂರು ಕೋರ್ ತೆಗೆಯಿರಿ, ಅದರ ಫಲಿತಾಂಶ ಬರುವವರೆಗೆ ಮೋರಿಯ ಮೇಲೆ ಲಾರಿ ಬಿಡಬೇಡಿ. ಸೋಮವಾರ ಕೊಟ್ಟ. ಗುರುವಾರ ಹನ್ನೊಂದು ಪುಟವಾಗಿ ಸಹಿಗೆ ಬಂತು. ನಮ್ಮ ವಾಕ್ಯಗಳೆಲ್ಲ ಇದ್ದವು, ಗುರುತು ಸಿಗದ ಹಾಗೆ ಹಬ್ಬದ ಬಟ್ಟೆ ತೊಟ್ಟುಕೊಂಡು. ಅ. 16ರ ಫೋನು ಮಾಯವಾಗಿತ್ತು. 11.6 ಅನುಬಂಧ ನಾಲ್ಕರ ಕೋಷ್ಟಕದ ಕೆಳಸಾಲಿಗೆ ಹೋಗಿ ಕೂತಿತ್ತು. ಮೇಸ್ತ್ರಿ ಇರಲಿಲ್ಲ, ಗುತ್ತಿಗೆದಾರರು ಇರಲಿಲ್ಲ, ಸಾಹೇಬರು ಇರಲಿಲ್ಲ, ವೈಬ್ರೇಟರೂ ಇರಲಿಲ್ಲ. ಹನ್ನೊಂದು ಪುಟದಲ್ಲಿ ಕರ್ತರಿ ಪ್ರಯೋಗ ಉಳಿದಿದ್ದ ವಾಕ್ಯ ಒಂದೇ: ಕಿರಿಯ ಎಂಜಿನಿಯರ್ ಎರಡು ಸ್ಯಾಂಪಲ್ ತೆಗೆಯಬೇಕಿತ್ತು, ಒಂದೇ ತೆಗೆದರು.

ಶಿಫಾರಸು: ‘ಸದರಿ ಮೋರಿಯನ್ನು ಅವಲೋಕನೆಯಲ್ಲಿಟ್ಟು ಸಂಚಾರಕ್ಕೆ ಮುಕ್ತಗೊಳಿಸಬಹುದಾಗಿದೆ.’ ಮುಕ್ತಗೊಳಿಸಲಾಯಿತು. ಅವಲೋಕನೆ ಮಾಡಬೇಕಾದವರು ಯಾರು ಎಂದು ಬರೆದಿರಲಿಲ್ಲವಾದ್ದರಿಂದ ಹುಡುಗ ತಾನೇ ವಹಿಸಿಕೊಂಡ. ಬೇರೆ ಸೈಟಿಗೆ ಹಾಕಿದ್ದರೂ ದಾರಿ ಅದೇ. ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಮತ್ತೆ ಬಂದಾಗ ಹೊಸ ರಫ್ ಬುಕ್ಕು ಕೈಗಿತ್ತ. ಅದರಲ್ಲಿ ಒಂದು ಪುಟ:

‘ಜ. 11. ಮೋರಿ. ಸ್ಲಾಬ್ ಅಡಿ ನಡುವೆ ಕೂದಲೆಳೆ ಬಿರುಕು 2, ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದೆ. ಚೆರಿ ತುಂಬಿದ ಪಿಕಪ್ 6, ಲಾರಿ 2 ದಾಟಿದವು. ಸಂಜೆ 4.20: ಗುತ್ತಿಗೆದಾರರ ಜಲ್ಲಿ ಲಾರಿ ಬಂತು. ಮೋರಿ ಹತ್ತಿರ ನಿಂತಿತು. ರಿವರ್ಸ್ ತಗೊಂಡು ಕೆಳಗಿನ ರಸ್ತೇಲಿ ಸುತ್ತು ಹಾಕಿ ಹೋಯ್ತು.’